ರಜೆಗೆ ಹೋಗುವಾಗ ‘ನನ್ನ ಕೆಲಸ ನೋಡ್ಕೊಳ್ಳಿ’ ಅಂತ ಕೇಳುವುದು ಹೇಗೆ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನನ್ನ ಕೆಲಸ. ಡಿಸ್‌ಪ್ಯಾಚ್ ವಿಭಾಗ. ಮಧ್ಯಾಹ್ನ ಮೂರೂವರೆಯಿಂದ ಲಾರಿಗಳು ಬರುತ್ತವೆ, ಮಾಲು ತುಂಬುತ್ತಾರೆ, ಕಾಗದಪತ್ರ ಮಾಡಿ ಗೇಟ್ ದಾಟಿಸಬೇಕು. ನಾನಿಲ್ಲದ ದಿನವೂ ಲಾರಿ ಬರುತ್ತದೆ. ಹಾಗಾಗಿ ರಜೆ ಹಾಕಿದಾಗಲೆಲ್ಲ ಯಾರನ್ನಾದರೂ ಕೇಳಲೇಬೇಕು.

ಹಿಂದೆ ಬೇರೆ ಕಡೆ ಕೆಲಸದಲ್ಲಿದ್ದಾಗ ಒಂದು ಸಲ ರಜೆಗೆ ಹೊರಡುವ ಹಿಂದಿನ ಸಂಜೆ, ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಪಕ್ಕದ ಟೇಬಲ್‌ನವರಿಗೆ ‘ನಾಳೆಯಿಂದ ಮೂರು ದಿನ ಇರಲ್ಲ, ಸ್ವಲ್ಪ ನೋಡ್ಕೊಳ್ಳಿ’ ಅಂದೆ. ಅವರು ‘ಆಯ್ತು’ ಅಂದರು. ಏನು ನೋಡ್ಕೋಬೇಕು ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಎರಡನೇ ದಿನ ದಾರಿಯಲ್ಲಿ ಒಂದು ಲಾರಿ ಕೆಟ್ಟಿತು. ಮಾಲನ್ನು ಬೇರೆ ಲಾರಿಗೆ ಹಾಕಿದರು. ಆದರೆ ಇ-ವೇ ಬಿಲ್‌ನಲ್ಲಿ, ಅಂದರೆ ಮಾಲು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿಯ ಆನ್‌ಲೈನ್ ದಾಖಲೆಯಲ್ಲಿ, ಹಳೇ ಗಾಡಿ ನಂಬರ್ ಹಾಗೇ ಇತ್ತು. ಅದನ್ನು ಬದಲಾಯಿಸಬೇಕು ಅಂತ ಅವರಿಗೆ ಗೊತ್ತಿರಲಿಲ್ಲ, ಲಾರಿಯನ್ನು ತಪಾಸಣೆಯಲ್ಲಿ ನಿಲ್ಲಿಸಿಕೊಂಡರು. ಬೈಸಿಕೊಂಡವರು ಅವರು, ತಪ್ಪು ನನ್ನದು. ಅವತ್ತಿನಿಂದ ಈ ಕೇಳುವ ಕೆಲಸವನ್ನೇ ಒಂದು ಕೆಲಸದ ಥರ ಮಾಡುತ್ತೇನೆ.

ಇತ್ತೀಚೆಗೆ ತಂಗಿ ಮದುವೆಗೆ ಮಧುಗಿರಿಗೆ ಹೋಗಬೇಕಿತ್ತು. ಗುರುವಾರದಿಂದ ಮಂಗಳವಾರದವರೆಗೆ ರಜೆ. ನಡುವಿನ ಭಾನುವಾರ ಬಿಟ್ಟರೆ ಐದು ಕೆಲಸದ ದಿನ. ಆಗ ಏನೇನು ಮಾಡಿದೆ ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮದು ಬೇರೆ ಕೆಲಸವಿರಬಹುದು, ಕೇಳುವ ಕ್ರಮ ಇದೇ.

ಕೇಳುವ ಮೊದಲು ಕೆಲಸವನ್ನು ಚಿಕ್ಕದು ಮಾಡಿ

ಹೆಚ್ಚಿನವರು ಈ ಹೆಜ್ಜೆಯನ್ನೇ ಬಿಡುತ್ತಾರೆ. ತಮ್ಮ ಇಡೀ ಕೆಲಸವನ್ನು ಎತ್ತಿ ಇನ್ನೊಬ್ಬರ ಮೇಲೆ ಇಡುತ್ತಾರೆ. ಒಂದು ಹಾಳೆ ತಗೊಂಡು ಆ ಐದು ದಿನದಲ್ಲಿ ನೀವು ಇದ್ದಿದ್ದರೆ ಏನೇನು ಮಾಡುತ್ತಿದ್ದಿರಿ ಅಂತ ಬರೆಯಿರಿ. ನಾನು ಬರೆದಾಗ ಐದು ಬಂದವು: ದಿನಾ ಲಾರಿಗಳ ಇ-ವೇ ಬಿಲ್ ಮತ್ತು ಗೇಟ್ ಪಾಸ್, ಮಾಲು ತಲುಪಿದ್ದಕ್ಕೆ ಸಹಿಯಾದ ಲಾರಿ ರಸೀದಿ ಅಂದರೆ ಎಲ್‌ಆರ್ ಪ್ರತಿಗಳನ್ನು ಫೈಲ್ ಮಾಡುವುದು, ಟ್ರಾನ್ಸ್‌ಪೋರ್ಟ್‌ನವರ ಬಾಡಿಗೆ ಬಿಲ್ ತಾಳೆ ನೋಡುವುದು, ಶನಿವಾರದ ವರದಿ, ಮುಂದಿನ ವಾರಕ್ಕೆ ಬೇಕಾದ ಪ್ಯಾಕಿಂಗ್ ಸಾಮಾನಿನ ಬೇಡಿಕೆ ಪಟ್ಟಿ ಅಂದರೆ ಇಂಡೆಂಟ್.

ಈಗ ಒಂದೊಂದನ್ನೂ ನೋಡಿ. ಇಂಡೆಂಟನ್ನು ಹೊರಡುವ ಹಿಂದಿನ ಬುಧವಾರವೇ ಹಾಕಿಬಿಡಬಹುದು, ಹಾಕಿದೆ. ಎಲ್‌ಆರ್ ಪ್ರತಿಗಳು ಒಂದು ವಾರ ಟ್ರೇನಲ್ಲಿ ಬಿದ್ದಿದ್ದರೆ ಏನೂ ಆಗಲ್ಲ, ಬಂದಮೇಲೆ ನಾನೇ ಫೈಲ್ ಮಾಡುತ್ತೇನೆ. ಬಾಡಿಗೆ ಬಿಲ್ಲೂ ಹಾಗೇ. ಶನಿವಾರದ ವರದಿಯನ್ನು ರಜೆ ಮುಗಿಸಿ ಬಂದ ಬುಧವಾರ ಕೊಟ್ಟರೆ ಸಾಕಾ ಅಂತ ಮ್ಯಾನೇಜರ್ ಹತ್ತಿರ ಕೇಳಿದೆ, ‘ಸಾಕು’ ಅಂದರು. ಕೊನೆಗೆ ಉಳಿದಿದ್ದು ಒಂದೇ: ದಿನಾ ಮಧ್ಯಾಹ್ನ ಬರುವ ಮೂರು ನಾಲ್ಕು ಲಾರಿಗಳ ಇ-ವೇ ಬಿಲ್ ಮತ್ತು ಗೇಟ್ ಪಾಸ್. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಂದಾಜು ಹೇಳುವ ಬದಲು ಎರಡು ದಿನ ಗಡಿಯಾರ ನೋಡಿದೆ. ಮುಕ್ಕಾಲು ಗಂಟೆ.

‘ನನ್ನ ಕೆಲಸ ನೋಡ್ಕೊಳ್ಳಿ’ ಅಂದರೆ ಕೇಳಿದವರ ಎದೆ ಒಂದು ಸಲ ಧಸಕ್ ಅನ್ನುತ್ತದೆ. ‘ಐದು ದಿನ, ಮೂರೂವರೆಗೆ ಮುಕ್ಕಾಲು ಗಂಟೆ’ ಅಂದರೆ ಅವರು ಮನಸ್ಸಲ್ಲೇ ತಮ್ಮ ದಿನದೊಳಗೆ ಅದನ್ನು ಇಟ್ಟು ನೋಡಬಲ್ಲರು.

ಕಷ್ಟದ ಭಾಗವನ್ನೂ ಮುಚ್ಚಿಡಬೇಡಿ. ನನ್ನ ಪಟ್ಟಿಯಲ್ಲಿ ಒಂದು ಇತ್ತು. ಶನಿವಾರ ಹುಬ್ಬಳ್ಳಿಗೆ ಒಂದು ಲೋಡ್. ಸೋಮವಾರ ಬೆಳಿಗ್ಗೆ ಅಲ್ಲಿ ಮಾಲು ಇಳಿಯಬೇಕು, ಹಾಗಾಗಿ ಮುಂದೆ ಹಾಕುವಂತಿರಲಿಲ್ಲ. ನಡುವೆ ಭಾನುವಾರ ಬೇರೆ. ಏನಾದರೂ ತೊಂದರೆ ಆಗುವುದಿದ್ದರೆ ಅಲ್ಲೇ ಆಗುವುದು.

ಯಾರನ್ನು, ಯಾವಾಗ

ನಿಮಗೆ ತುಂಬಾ ಹತ್ತಿರದವರನ್ನೇ ಕೇಳಬೇಕು ಅಂತೇನಿಲ್ಲ. ನಾನು ಎರಡು ನೋಡುತ್ತೇನೆ: ಆ ಕೆಲಸವನ್ನು ಅವರು ಒಂದು ಸಲವಾದರೂ ಕಣ್ಣಾರೆ ಕಂಡಿದ್ದಾರಾ, ಆ ಹೊತ್ತಿನಲ್ಲಿ ಅವರ ಕೈ ಖಾಲಿ ಇರುತ್ತದಾ. ನಮ್ಮಲ್ಲಿ ಇ-ವೇ ಬಿಲ್ ಚೆನ್ನಾಗಿ ಗೊತ್ತಿರುವವರು ಬಿಲ್ಲಿಂಗ್ ಮೇಡಂ. ಆದರೆ ಮೂರೂವರೆಗೆ ಅವರೇ ಇನ್‌ವಾಯ್ಸ್ ಹೊಡೆಯುತ್ತಾ ಕೂತಿರುತ್ತಾರೆ. ಸ್ಟೋರ್ಸ್‌ನಲ್ಲಿ ಒಬ್ಬರು ಅಣ್ಣ ಇದ್ದಾರೆ. ಒಳಗೆ ಬಂದ ಮಾಲಿನ ಸ್ವೀಕೃತಿ ಚೀಟಿ ಅಂದರೆ ಜಿಆರ್‌ಎನ್ ಹಾಕುವುದು ಅವರ ಕೆಲಸ, ಅದು ಬೆಳಗಿನ ಹೊತ್ತಿನದು, ಊಟದ ನಂತರ ಒತ್ತಡ ಕಡಿಮೆ. ಅವರನ್ನೇ ಕೇಳಿದೆ. ಮೇಡಂಗೆ ಬೇರೆಯಾಗಿ ಹೋಗಿ, ‘ಅಣ್ಣನಿಗೆ ಪೋರ್ಟಲ್‌ನಲ್ಲಿ ಏನಾದರೂ ಅನುಮಾನ ಬಂದರೆ ನಿಮ್ಮನ್ನು ಕೇಳಬಹುದಾ’ ಅಂತ ಕೇಳಿದೆ. ‘ಮೇಡಂ ಇದ್ದಾರಲ್ಲ’ ಅಂತ ಅವರ ಪರವಾಗಿ ನಾವೇ ಹೇಳಿಬಿಡುವುದು ತಪ್ಪು. ಅದೂ ಒಂದು ಸಹಾಯವೇ, ಅದನ್ನೂ ಕೇಳಿಯೇ ಪಡೆಯಬೇಕು.

ನಿಮಗಿಂತ ಚಿಕ್ಕವರನ್ನು ಕೇಳುವಾಗ ಇನ್ನೂ ಹುಷಾರಾಗಿರಿ. ಹೊಸದಾಗಿ ಸೇರಿದ ಹುಡುಗ ಆಗಲ್ಲ ಅಂತ ಹೇಳಲಾರ. ಅವನ ‘ಸರಿ ಸಾರ್’ ಅನ್ನುವುದನ್ನು ನಂಬಿ ಹೊರಟರೆ ಅವನೂ ಕಷ್ಟಪಡುತ್ತಾನೆ, ಕೆಲಸವೂ ಕೆಡುತ್ತದೆ.

ಮೂರು ವಾರ ಮೊದಲು ಮ್ಯಾನೇಜರ್‌ಗೆ ತಾರೀಖು ಹೇಳಿ, ರಜೆ ಕೊಡಬಹುದು ಅಂತ ಗೊತ್ತಾದಮೇಲೆ, ಎರಡು ವಾರ ಮೊದಲು ಅಣ್ಣನನ್ನು ಕೇಳಿದೆ. ಅದಕ್ಕೂ ಮುಂಚೆ ಕೇಳಿದರೆ ಮರೆತುಹೋಗುತ್ತದೆ, ಹಿಂದಿನ ದಿನ ಕೇಳಿದರೆ ಅದು ಕೇಳಿದ ಹಾಗೆ ಅಲ್ಲ, ಹೇರಿದ ಹಾಗೆ. ಅವರಿಗೂ ಮದುವೆ, ಗೃಹಪ್ರವೇಶ, ಊರಹಬ್ಬ ಇರುತ್ತದೆ. ಈ ಅಣ್ಣ ಕ್ಯಾತ್ಸಂದ್ರದವರು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ ಬಂದರೆ ಮನೆ ತುಂಬಾ ನೆಂಟರು, ಅವರು ರಜೆ ಹಾಕುತ್ತಾರೆ. ಶಿವರಾತ್ರಿ ಯಾವ ವಾರ ಬರುತ್ತದೆ ಅಂತ ಕ್ಯಾಲೆಂಡರ್ ನೋಡಿಕೊಂಡೇ ಅವರ ಹತ್ತಿರ ಹೋದೆ.

ಮೊದಲು ಬಾಯಿಮಾತಲ್ಲಿ

ಎದುರಿಗೆ ಸಿಗುವವರಾದರೆ ಮೊದಲ ಸಲ ಮೆಸೇಜ್ ಹಾಕಬೇಡಿ, ಹೋಗಿ ಕೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಡಿ, ಮ್ಯಾನೇಜರ್ ಎದುರಿಗೂ ಬೇಡ. ಎರಡೂ ಕಡೆ ಆಗಲ್ಲ ಅನ್ನೋಕೆ ಅವರಿಗೆ ಜಾಗ ಇರಲ್ಲ. ನಾನು ನಾಲ್ಕೂವರೆ ಟೀ ಹೊತ್ತಿನಲ್ಲಿ ಒಬ್ಬರೇ ಸಿಕ್ಕಾಗ ಮಾತಾಡಿದೆ.

‘ಮುಂದಿನ ವಾರದ ಆಚೆ ಫ್ರೀ ಇದೀರಾ ಅಣ್ಣ?’ ಅಂತ ಶುರು ಮಾಡಬೇಡಿ. ಯಾಕೆ ಅಂತ ಹೇಳದೆ ಫ್ರೀನಾ ಅಂತ ಕೇಳಿದರೆ, ಅವರು ‘ಹೂಂ’ ಅಂದಮೇಲೆ ಕೆಲಸ ಹೇಳಿದಾಗ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ. ವಿಷಯ ಮೊದಲು, ಪ್ರಶ್ನೆ ಆಮೇಲೆ. ನಾನು ಹೇಳಿದ್ದು ಇಷ್ಟು:

‘ಅಣ್ಣ, ತಂಗಿ ಮದುವೆ ಇದೆ, ಐದು ದಿನ ಬರಲ್ಲ. ಮಧ್ಯಾಹ್ನದ ಲಾರಿಗಳ ಇ-ವೇ ಬಿಲ್, ಗೇಟ್ ಪಾಸ್ ಇಷ್ಟು ಮಾತ್ರ ಯಾರಾದರೂ ಮಾಡಬೇಕು. ದಿನಾ ಮುಕ್ಕಾಲು ಗಂಟೆ ಆಗುತ್ತೆ. ಉಳಿದಿದ್ದೆಲ್ಲ ನಾನು ಮುಗಿಸಿ ಹೋಗ್ತೀನಿ, ಇಲ್ಲಾ ಬಂದು ಮಾಡ್ತೀನಿ. ನಿಮಗೆ ಆಗುತ್ತಾ? ಈಗಲೇ ಹೇಳಬೇಕು ಅಂತಿಲ್ಲ, ಬರೆದು ಕಳಿಸ್ತೀನಿ, ನೋಡಿ ಹೇಳಿ.’

ಮದುವೆ ಕಥೆಯನ್ನೆಲ್ಲ ಹೇಳಿ ಮನಸ್ಸು ಕರಗಿಸಬೇಕಿಲ್ಲ. ಕಾರಣಕ್ಕೆ ಒಂದು ವಾಕ್ಯ ಸಾಕು. ಕಾರಣ ಹೇಳಲು ಇಷ್ಟವಿಲ್ಲದಿದ್ದರೆ ‘ಮನೆ ಕೆಲಸ ಇದೆ’ ಅಂದರೂ ಸಾಕು.

ಆಮೇಲೆ ಬರಹದಲ್ಲಿ

ಅವತ್ತೇ ಸಂಜೆ ಕಳಿಸಿದ ಮೆಸೇಜ್ ಇದು. ಹಾಗೇ ಕೊಡುತ್ತಿದ್ದೇನೆ, ಬೇಕಾದರೆ ನಿಮ್ಮ ಕೆಲಸಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ.

> ನಮಸ್ಕಾರ ಅಣ್ಣ, ಟೀ ಹೊತ್ತಲ್ಲಿ ಹೇಳಿದ ವಿಷಯ. ಗುರುವಾರದಿಂದ ಮಂಗಳವಾರದವರೆಗೆ ನಾನು ಇರಲ್ಲ, ಬುಧವಾರ ಬೆಳಿಗ್ಗೆ ಬರ್ತೀನಿ.
>
> ನಿಮ್ಮಿಂದ ಬೇಕಾಗಿರೋದು: ದಿನಾ 3:30ಕ್ಕೆ ಬರುವ ಲಾರಿಗಳಿಗೆ ಇ-ವೇ ಬಿಲ್ ಮಾಡಿ ಗೇಟ್ ಪಾಸ್ ಕೊಡುವುದು. ಮೂರು ನಾಲ್ಕು ಲಾರಿ, ಸುಮಾರು 45 ನಿಮಿಷ.
>
> ಸ್ವಲ್ಪ ಗಮನ ಬೇಕಾಗಿರೋದು ಶನಿವಾರದ ಹುಬ್ಬಳ್ಳಿ ಲೋಡ್ ಒಂದೇ. ಸೋಮವಾರ ಮಧ್ಯಾಹ್ನ ಟ್ರಾನ್ಸ್‌ಪೋರ್ಟ್‌ನವರಿಗೆ ಒಂದು ಫೋನ್ ಮಾಡಿ ಮಾಲು ಇಳಿದಿದೆಯಾ ಕೇಳಬೇಕು.
>
> ಎಲ್‌ಆರ್ ಫೈಲಿಂಗ್, ಬಾಡಿಗೆ ಬಿಲ್, ವರದಿ ಯಾವುದನ್ನೂ ಮುಟ್ಟಬೇಡಿ, ಬಂದು ನಾನೇ ಮಾಡ್ತೀನಿ. ಬಾಡಿಗೆ ಜಾಸ್ತಿ ಕೇಳಿದರೆ ನೀವು ತೀರ್ಮಾನ ಮಾಡೋದು ಬೇಡ, ಮ್ಯಾನೇಜರ್‌ಗೆ ಹೇಳಿ ಅಂದ್ಬಿಡಿ, ಅವರಿಗೆ ತಿಳಿಸಿದ್ದೀನಿ.
>
> ಹೋಗೋಕೆ ಮೊದಲು ಒಂದು ದಿನ ಜೊತೆಗೆ ಕೂತು ಮಾಡೋಣ. ನಿಮಗೆ ಆಗಲ್ಲ ಅಂದ್ರೆ ನಿಜವಾಗಲೂ ಪರವಾಗಿಲ್ಲ, ಶುಕ್ರವಾರದೊಳಗೆ ಹೇಳಿ, ಬೇರೆ ದಾರಿ ನೋಡ್ತೀನಿ. ಜಾತ್ರೆಗೆ ನೀವು ರಜೆ ಹಾಕೋ ದಿನ ಜಿಆರ್‌ಎನ್ ನಾನು ಹಾಕ್ತೀನಿ.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ‘ಮುಟ್ಟಬೇಡಿ’ ಅನ್ನುವ ಸಾಲು. ಏನು ಮಾಡಬೇಕು ಅಂತ ಎಲ್ಲರೂ ಬರೆಯುತ್ತಾರೆ. ಏನು ಮಾಡಬೇಕಿಲ್ಲ ಅಂತ ಬರೆದಾಗಲೇ ಒಪ್ಪುವವರಿಗೆ ಭಯ ಹೋಗುವುದು, ಯಾಕಂದರೆ ಒಪ್ಪಿದ ಕೆಲಸದ ಬಾಲ ಹಿಡಿದು ಇನ್ನೇನೇನು ಬರುತ್ತದೋ ಅನ್ನುವುದೇ ಎಲ್ಲರ ಅಂಜಿಕೆ. ಬಾಡಿಗೆ ವಿಷಯವೂ ಹಾಗೇ. ದುಡ್ಡಿನ ತೀರ್ಮಾನವನ್ನು ಸ್ನೇಹಕ್ಕೆ ಬಂದವರ ತಲೆಗೆ ಕಟ್ಟಬಾರದು.

‘ಬೇರೆ ದಾರಿ ನೋಡ್ತೀನಿ’ ಅಂತ ಬರೆಯುವಾಗ ನಿಜವಾಗಿಯೂ ಬೇರೆ ದಾರಿ ಇರಬೇಕು. ನನ್ನ ಬೇರೆ ದಾರಿ ಅಂದರೆ ಲಾರಿ ಬರುವ ಹೊತ್ತನ್ನು ಆ ಐದು ದಿನ ಐದು ಗಂಟೆಗೆ ಹಾಕಿ ಮೇಡಂ ಅವರನ್ನು ಕೇಳುವುದು. ಟ್ರಾನ್ಸ್‌ಪೋರ್ಟ್‌ನವರ ಹತ್ತಿರ ಮೊದಲೇ ಮಾತಾಡಿದ್ದೆ. ಕೈಯಲ್ಲಿ ಇನ್ನೊಂದು ದಾರಿ ಇದ್ದರೆ ನಮ್ಮ ಮಾತಿನಲ್ಲಿ ಒತ್ತಾಯ ತಾನಾಗೇ ಕಡಿಮೆ ಆಗುತ್ತದೆ.

‘ನೋಡೋಣ’ ಅಂದರೆ

ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನುವವರು ಕಡಿಮೆ. ‘ನೋಡೋಣ’, ‘ಆಗ್ಲಿ ಬಿಡಿ’, ‘ಅದಕ್ಕೇನಂತೆ’ ಅನ್ನುತ್ತಾರೆ. ಇದರಲ್ಲಿ ಒಪ್ಪಿಗೆ ಯಾವುದು, ಮುಲಾಜು ಯಾವುದು ಅಂತ ತಿಳಿಯುವುದು ಹೇಗೆ? ಮಾಡುವವರು ಪ್ರಶ್ನೆ ಕೇಳುತ್ತಾರೆ. ‘ಗೇಟ್ ಪಾಸ್ ಪುಸ್ತಕ ಎಲ್ಲಿರುತ್ತೆ? ಪಾಸ್‌ವರ್ಡ್ ಯಾರ ಹತ್ತಿರ?’ ಅಂತ ಬಂದರೆ ಅವರು ಮನಸ್ಸಿನಲ್ಲಿ ಆಗಲೇ ಕೆಲಸ ಶುರು ಮಾಡಿದ್ದಾರೆ. ಏನೂ ಕೇಳದೆ ಬೇಗ ಮಾತು ಮುಗಿಸಿದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ.

ಆಗ ಅದೇ ಮಾತನ್ನು ಮತ್ತೆ ಹೇಳಿ ಒತ್ತಬೇಡಿ. ಕೇಳಿದ್ದನ್ನು ಇನ್ನೂ ಚಿಕ್ಕದು ಮಾಡಿ. ‘ಐದು ದಿನ ಕಷ್ಟ ಆದರೆ ಸೋಮವಾರ, ಮಂಗಳವಾರ ಎರಡೇ ದಿನ ನೋಡ್ತೀರಾ?’ ಅನ್ನಿ. ನಮ್ಮ ಅಣ್ಣ ಮೊದಲು ‘ನೋಡೋಣ’ ಅಂದರು. ಮಾರನೇ ದಿನ ವಿಚಾರಿಸಿದರೆ, ಗುರುವಾರ ಅವರಿಗೇ ಒಂದು ದೊಡ್ಡ ಲೋಡ್ ಒಳಗೆ ಬರುವುದಿತ್ತು. ಆ ಒಂದು ದಿನ ಮೇಡಂ ಮಾಡಿದರು, ಉಳಿದ ನಾಲ್ಕು ದಿನ ಅಣ್ಣ. ಇದನ್ನು ಬರೆದು ಇಬ್ಬರಿಗೂ, ಮ್ಯಾನೇಜರ್‌ಗೂ ಕಳಿಸಿದೆ. ಯಾವ ದಿನ ಯಾರು ಅನ್ನುವುದು ಬರಹದಲ್ಲಿ ಇರಲೇಬೇಕು. ಇಬ್ಬರಿಗೆ ಒಟ್ಟಿಗೆ ‘ನೋಡ್ಕೊಳ್ಳಿ’ ಅಂದರೆ ಒಬ್ಬರು ಇನ್ನೊಬ್ಬರು ಮಾಡುತ್ತಾರೆ ಅಂತ ಸುಮ್ನೆ ಇರುತ್ತಾರೆ.

ಒಪ್ಪಿದ ಮೇಲೆ ಕೈಗೆ ಏನು ಕೊಡಬೇಕು

ಮೊದಲು ಲಾಗಿನ್. ಇಲ್ಲಿಯೇ ಜಾಸ್ತಿ ಜನ ಎಡವುವುದು. ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಾರೆ. ಇ-ವೇ ಬಿಲ್ ಪೋರ್ಟಲ್‌ಗೆ ಈಗ ಪಾಸ್‌ವರ್ಡ್ ಜೊತೆ ಒಟಿಪಿಯೂ ಬೇಕು, ಅದು ನೋಂದಾಯಿಸಿದ ಮೊಬೈಲ್‌ಗೆ ಬರುತ್ತದೆ. ನಿಮ್ಮ ಮೊಬೈಲ್ ಕೊಟ್ಟಿದ್ದರೆ ಛತ್ರದಲ್ಲಿ ಧಾರೆ ಹೊತ್ತಿಗೆ ಒಟಿಪಿಗಾಗಿ ಫೋನ್ ಬರುತ್ತದೆ. ಪಾಸ್‌ವರ್ಡ್ ಹಂಚುವುದು ಹೇಗೂ ಸರಿಯಲ್ಲ, ತಪ್ಪಾದರೆ ಯಾರು ಮಾಡಿದ್ದು ಅಂತಲೇ ಗೊತ್ತಾಗಲ್ಲ. ಕಂಪನಿಯ ಮುಖ್ಯ ಲಾಗಿನ್‌ನಲ್ಲಿ `User Management` ಅಂತ ಇರುತ್ತದೆ, ಅದರಲ್ಲಿ `Sub-User` ಮಾಡಿ ಅಣ್ಣನದೇ ಮೊಬೈಲ್ ನಂಬರ್ ಹಾಕಿಸಬಹುದು. ನಮ್ಮಲ್ಲಿ ಮುಖ್ಯ ಲಾಗಿನ್ ಅಕೌಂಟ್ಸ್‌ನವರ ಹತ್ತಿರ ಇದೆ. ಅವರಿಗೆ ಒಂದು ವಾರ ಮೊದಲೇ ಹೇಳಿ ಮಾಡಿಸಿದೆ.

ಆಮೇಲೆ ಒಂದು ದಿನ ಜೊತೆಗೆ ಕೂತೆವು. ಕುರ್ಚಿಯಲ್ಲಿ ಅಣ್ಣ, ಪಕ್ಕದಲ್ಲಿ ನಿಂತವನು ನಾನು. ನೀವು ಮಾಡಿ ತೋರಿಸಿದರೆ ಅವರಿಗೆ ಸುಲಭ ಅನ್ನಿಸುತ್ತದೆ, ಅವರೇ ಮೌಸ್ ಹಿಡಿದಾಗ ಎಲ್ಲಿ ನಿಲ್ಲುತ್ತಾರೆ ಅಂತ ಗೊತ್ತಾಗುತ್ತದೆ. ಅಣ್ಣ ದೂರ ಹಾಕುವ ಜಾಗದಲ್ಲಿ ನಿಂತರು. ‘ಇದು ತಪ್ಪಾದರೆ?’ ಅಂತ ಕೇಳಿದರು. ಒಳ್ಳೆ ಪ್ರಶ್ನೆ. ಸಾಮಾನ್ಯ ಲಾರಿಗೆ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕದಲ್ಲಿ ಬಿಲ್‌ನ ಅವಧಿ ಬರುತ್ತದೆ, ದೂರ ತಪ್ಪಾದರೆ ಅವಧಿಯೂ ತಪ್ಪುತ್ತದೆ. ಒಂದು ಸಲ ಮಾಡಿದ ಬಿಲ್ಲನ್ನು ತಿದ್ದೋಕೆ ಆಗಲ್ಲ. 24 ಗಂಟೆಯೊಳಗೆ ರದ್ದು ಮಾಡಿ ಹೊಸದು ಮಾಡಬೇಕು. ಗಾಡಿ ನಂಬರ್ ಮಾತ್ರ ಆಮೇಲೂ ಬದಲಾಯಿಸಬಹುದು. ಅದು `Part-B` ಭಾಗದಲ್ಲಿ ಬರುತ್ತದೆ. ನಾನು ಹಿಂದೆ ಹೇಳದೆ ಹೋಗಿದ್ದು ಇದನ್ನೇ.

ಹುಬ್ಬಳ್ಳಿ ಲೋಡಿನ ಲೆಕ್ಕವನ್ನೂ ಅಲ್ಲೇ ಮಾಡಿದೆವು. ತುಮಕೂರಿನಿಂದ ಸುಮಾರು 340 ಕಿಲೋಮೀಟರ್, ಅಂದರೆ ಎರಡು ದಿನ. ಶನಿವಾರ ಸಂಜೆ ಮಾಡಿದ ಬಿಲ್‌ನ ಮೊದಲ ದಿನ ಭಾನುವಾರ ಮಧ್ಯರಾತ್ರಿಗೆ ಮುಗಿಯುತ್ತದೆ, ಎರಡನೆಯದು ಸೋಮವಾರ ಮಧ್ಯರಾತ್ರಿಗೆ. ಲಾರಿ ದಾರಿಯಲ್ಲೇ ನಿಂತುಬಿಟ್ಟರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿಂದ ಎಂಟು ಗಂಟೆ ನಂತರದವರೆಗೆ ಅದನ್ನು ಮುಂದುವರಿಸಬಹುದು. ನಾವು ಬಿಲ್‌ನಲ್ಲಿ ಟ್ರಾನ್ಸ್‌ಪೋರ್ಟರ್ ಐಡಿ ಹಾಕುವುದರಿಂದ ಮುಂದುವರಿಸಬೇಕಾದವರು ಅವರು. ಅಣ್ಣ ಮಾಡಬೇಕಾಗಿರುವುದು ಸೋಮವಾರ ಮಧ್ಯಾಹ್ನ ಒಂದು ಫೋನ್, ಮಾಲು ಇಳಿದಿಲ್ಲ ಅಂದರೆ ‘ಸಂಜೆ ನಾಲ್ಕರ ಮೇಲೆ ಅವಧಿ ಮುಂದುವರಿಸಿ’ ಅಂತ ಹೇಳುವುದು. ಇಷ್ಟನ್ನು ನಾನು ಮೊದಲೇ ಬಿಡಿಸಿ ನೋಡಿಕೊಂಡಿದ್ದರಿಂದಲೇ ಮೆಸೇಜಿನಲ್ಲಿ ‘ಒಂದು ಫೋನ್’ ಅಂತ ಧೈರ್ಯವಾಗಿ ಬರೆಯಲು ಆಗಿದ್ದು. ನಿಮ್ಮ ಕೆಲಸದಲ್ಲೂ ಭಯ ಹುಟ್ಟಿಸುವ ಭಾಗ ಯಾವುದೋ ಅದನ್ನು ಕೊನೆಯವರೆಗೆ ಬಿಡಿಸಿ ನೋಡಿ. ಅವರು ಮಾಡಬೇಕಾಗಿರುವುದು ಎಷ್ಟೋ ಸಲ ಒಂದು ಫೋನ್ ಅಷ್ಟೇ ಆಗಿರುತ್ತದೆ.

ಇದೆಲ್ಲವನ್ನೂ ಒಂದು ಪುಟದಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿದೆ. ಟ್ರಾನ್ಸ್‌ಪೋರ್ಟ್, ಮೇಡಂ, ಮ್ಯಾನೇಜರ್, ಈ ಮೂರು ಫೋನ್ ನಂಬರ್ ಮೇಲೆ. ಎರಡನೇ ಪುಟ ಬೇಡ, ಯಾರೂ ತಿರುಗಿಸಿ ನೋಡಲ್ಲ. ಬುಧವಾರ ಗ್ರಾಹಕರಿಗೆ, ಟ್ರಾನ್ಸ್‌ಪೋರ್ಟ್‌ನವರಿಗೆ, ಗೇಟಿನ ಸೆಕ್ಯುರಿಟಿಗೆ ‘ನಾಳೆ ಮೇಡಂ, ಶುಕ್ರವಾರದಿಂದ ಸ್ಟೋರ್ಸ್ ಅಣ್ಣ’ ಅಂತ ನಾನೇ ಹೇಳಿದೆ. ಇಲ್ಲದಿದ್ದರೆ ಪ್ರತಿಯೊಬ್ಬರಿಗೂ ತಾನು ಯಾರು ಅಂತ ಅವರೇ ಹೇಳಿಕೊಂಡು ಕೂರಬೇಕಾಗುತ್ತದೆ.

ರಜೆಯಲ್ಲಿದ್ದಾಗ, ಬಂದ ಮೇಲೆ

ಯಾವಾಗ ಸಿಗುತ್ತೀರಿ ಅಂತ ಸ್ಪಷ್ಟವಾಗಿ ಹೇಳಿ. ‘ಯಾವಾಗ ಬೇಕಾದರೂ ಫೋನ್ ಮಾಡಿ’ ಅಂತ ಹೇಳಿ ಎತ್ತದೆ ಇದ್ದರೆ ಅದಕ್ಕಿಂತ ಕಷ್ಟ ಇನ್ನೊಂದಿಲ್ಲ. ನಾನು ಹೇಳಿದ್ದು: ಭಾನುವಾರ ಮುಹೂರ್ತ, ಫೋನ್ ಎತ್ತಲ್ಲ. ಉಳಿದ ದಿನ ರಾತ್ರಿ ಎಂಟಕ್ಕೆ ಮೆಸೇಜ್ ನೋಡ್ತೀನಿ. ಅರ್ಜೆಂಟ್ ಇದ್ದರೆ ಮೊದಲು ಮ್ಯಾನೇಜರ್. ದಿನಾ ಫೋನ್ ಮಾಡಿ ‘ಎಲ್ಲ ಆಯ್ತಾ’ ಅಂತ ನಾನೂ ಕೇಳಲಿಲ್ಲ. ಕೊಟ್ಟ ಮೇಲೆ ಬೆನ್ನ ಹಿಂದೆ ನಿಂತು ನೋಡಿದರೆ ಮಾಡುವವರಿಗೆ ಬೇಜಾರಾಗುತ್ತದೆ, ಅಲ್ವಾ?

ಬುಧವಾರ ಹೋದಾಗ ಅಣ್ಣ ತಮ್ಮ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆದಿಟ್ಟಿದ್ದರು. ಹುಬ್ಬಳ್ಳಿ ಲೋಡ್ ಸೋಮವಾರ ಹನ್ನೊಂದಕ್ಕೇ ಇಳಿದಿತ್ತು. ಶುಕ್ರವಾರ ಒಂದು ಬಿಲ್‌ನಲ್ಲಿ ಪಿನ್‌ಕೋಡ್ ತಪ್ಪಾಗಿತ್ತು. ಅವರೇ ಗಮನಿಸಿ, ಲಾರಿ ಗೇಟ್ ದಾಟುವ ಮೊದಲೇ ರದ್ದು ಮಾಡಿ ಹೊಸದು ಮಾಡಿದ್ದರು. ಅದನ್ನು ನನಗೆ ಸ್ವಲ್ಪ ಸಂಕೋಚದಿಂದ ಹೇಳಿದರು. ‘ನಾನೂ ತಿಂಗಳಿಗೊಮ್ಮೆ ಮಾಡ್ತೀನಿ ಅಣ್ಣ’ ಅಂದೆ, ನಿಜವೂ ಹೌದು. ಕೆಲಸ ಒಪ್ಪಿಸಿ ಹೋದವರು ಬಂದಮೇಲೆ ತಪ್ಪು ಹುಡುಕುತ್ತಾ ಕೂತರೆ, ಮುಂದಿನ ಸಲ ತಪ್ಪಾದದ್ದನ್ನು ಯಾರೂ ಹೇಳಲ್ಲ, ಆ 24 ಗಂಟೆ ಸುಮ್ನೆ ಕಳೆದುಹೋಗುತ್ತದೆ.

ಮ್ಯಾನೇಜರ್‌ಗೆ ಕೊಟ್ಟ ವರದಿಯ ಮೊದಲ ಸಾಲಿನಲ್ಲೇ ಗುರುವಾರ ಮೇಡಂ, ಉಳಿದ ದಿನ ಅಣ್ಣ ಲಾರಿಗಳನ್ನು ಕಳಿಸಿದರು ಅಂತ ಬರೆದೆ. ಮನೆಯಿಂದ ತಂದ ಮದುವೆ ಲಾಡು ಇಡೀ ವಿಭಾಗಕ್ಕೆ ಹಂಚಿದೆ. ಅದು ಮದುವೆ ಸಿಹಿ, ಸಹಾಯದ ಲೆಕ್ಕಕ್ಕೆ ಸೇರುವುದಲ್ಲ. ಸಹಾಯಕ್ಕೆ ಕೊಡಬೇಕಾದ್ದು ಜಾತ್ರೆ ದಿನದ ಜಿಆರ್‌ಎನ್. ಅಣ್ಣ ತಾರೀಖು ಹೇಳುವ ಮೊದಲೇ ನಾನೇ ಹೋಗಿ ‘ಯಾವ ದಿನ ರಜೆ ಹಾಕ್ತೀರಿ, ಒಂದು ಸಲ ಜೊತೆಗೆ ಕೂತು ತೋರಿಸಿ’ ಅಂತ ಕೇಳಿದೆ. ಈ ಸಲ ಕುರ್ಚಿಯಲ್ಲಿ ನಾನು ಕೂತೆ, ಅಣ್ಣ ಪಕ್ಕದಲ್ಲಿ ನಿಂತರು.